‘ಶೇ. 33ರಷ್ಟು ಕಡಿಮೆ’ ಅಂದ್ರೆ ಎಷ್ಟು ಖಚಿತ? ಬೆಳಗಾವಿಯ ರಕ್ತ ಅಳೆಯುವ ಚೀಲದಿಂದ ಒಂದು ಅಳತೆಯ ಪಾಠ

ಹೆರಿಗೆಯಾದ ಮೇಲೆ ತಾಯಿಯ ದೇಹದಿಂದ ಎಷ್ಟು ರಕ್ತ ಹೋಯಿತು? 500 ಮಿಲಿಲೀಟರ್ ದಾಟಿದರೆ ಅದನ್ನು ‘ಹೆರಿಗೆ ನಂತರದ ರಕ್ತಸ್ರಾವ’ ಎಂದು ಗುರುತಿಸಿ ಚಿಕಿತ್ಸೆ ಶುರು ಮಾಡಬೇಕು ಅನ್ನೋದು ದಶಕಗಳಿಂದ ಇರುವ ನಿಯಮ. ಆದರೆ ಆ 500 ಮಿಲೀ ಅಳೆಯೋದು ಹೇಗೆ? ಬಹುಕಾಲ ಇದ್ದ ಉತ್ತರ ಒಂದೇ: ಕಣ್ಣಂದಾಜು. ಹಾಸಿದ ಬಟ್ಟೆ, ನೆಲ, ಬೇಸಿನ್ ನೋಡಿ ಹೆರಿಗೆ ಮಾಡಿಸಿದವರು ಒಂದು ಸಂಖ್ಯೆ ಬರೆಯುತ್ತಿದ್ದರು. ಆ ಸಂಖ್ಯೆಯೇ ರಿಜಿಸ್ಟರ್‌ಗೆ ಹೋಗುತ್ತಿತ್ತು, ರಿಜಿಸ್ಟರ್‌ನಿಂದ ಜಿಲ್ಲೆಯ ಅಂಕಿಅಂಶಕ್ಕೆ, ಅಲ್ಲಿಂದ ಸರ್ಕಾರದ ನೀತಿಗೆ.

ಈ ಅಂದಾಜನ್ನು ಪ್ರಶ್ನಿಸಿದ ಒಂದು ಮುಖ್ಯ ಕೆಲಸ ನಡೆದದ್ದು ಬೆಳಗಾವಿಯಲ್ಲಿ. ನೆಹರು ನಗರದಲ್ಲಿರುವ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಸು ರೂಪಿಸಿದರು. ಅದರ ತುದಿಯಲ್ಲಿ ಆಲಿಕೆಯಾಕಾರದ ಚೀಲ, ಚೀಲದ ಮೇಲೆ ಮಿಲೀ ಗೆರೆಗಳು. ಮಗು ಹೊರಬಂದ ಮೇಲೆ ತಾಯಿಯ ಸೊಂಟದ ಕೆಳಗೆ ಹಾಸಿ, ಪಟ್ಟಿಯಿಂದ ಕಟ್ಟಿದರೆ ರಕ್ತ ಇಳಿದು ಚೀಲ ಸೇರುತ್ತದೆ. ರೂಪಿಸಿದವರ ಹೆಸರುಗಳ ಮೊದಲಕ್ಷರ ಸೇರಿಸಿ ಇದಕ್ಕೆ ‘ಬ್ರಾಸ್-ವಿ’ ಅಂತ ಹೆಸರಿಟ್ಟರು. ಆಶ್ಲೇಷಾ ಪಟೇಲ್, ಶಿವಪ್ರಸಾದ ಗೌಡರ, ಬಿ. ಎಸ್. ಕೊಡಕಣಿ, ರಿಚರ್ಡ್ ಡರ್ಮನ್ ಮೊದಲಾದವರು ಬರೆದ ಪ್ರಬಂಧ 2006ರಲ್ಲಿ ಸ್ತ್ರೀರೋಗ ಮತ್ತು ಪ್ರಸೂತಿಶಾಸ್ತ್ರದ ಒಂದು ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದರ ಸಾರ ಮೂರು ಸಾಲು. ಬೆಳಗಾವಿ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾದ 123 ಮಹಿಳೆಯರನ್ನು ಲಾಟರಿ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದರಲ್ಲಿ ಕಣ್ಣಂದಾಜು, ಇನ್ನೊಂದರಲ್ಲಿ ಚೀಲ ಬಳಸಿದರು. ಕಣ್ಣಂದಾಜು ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ ಬಂತು. ಚೀಲದ 10 ಅಳತೆಗಳನ್ನು ಸ್ಪೆಕ್ಟ್ರೊಫೋಟೋಮೀಟರ್ ಅಳತೆಗೆ ಹೋಲಿಸಿದಾಗ ಸಹಸಂಬಂಧ 0.92.

ವಿಷಯ ವೈದ್ಯಕೀಯದ್ದಾದರೂ ಪ್ರಯೋಗದ ಮೈಕಟ್ಟು ಭೌತಶಾಸ್ತ್ರದ್ದೇ: ಒಂದು ಹೊಸ ಉಪಕರಣ, ಒಂದು ಹಳೆಯ ವಿಧಾನ, ಒಂದು ಮಾನದಂಡ. ವೋಲ್ಟೇಜ್ ಇರಲಿ, ಕಾಂಕ್ರೀಟಿನ ಬಲ ಇರಲಿ, ಹೊಳೆಯ ಹರಿವಿರಲಿ, ಪ್ರಬಂಧ ಓದುವಾಗ ಕೇಳಬೇಕಾದ ಪ್ರಶ್ನೆಗಳು ಇವೇ. ಈ ಮೂರು ಸಾಲನ್ನೇ ಹಿಡಿದು ಒಂದೊಂದಾಗಿ ಕೇಳೋಣ.

ಅಳೆದದ್ದು ನಿಜಕ್ಕೂ ಏನನ್ನು?

ಚೀಲ ಅಳೆಯೋದು ರಕ್ತವನ್ನಲ್ಲ, ಚೀಲದಲ್ಲಿರುವ ದ್ರವದ ಗಾತ್ರವನ್ನು. ಗರ್ಭಜಲ ಅಥವಾ ಮೂತ್ರ ಸೇರಿಕೊಂಡರೆ ಅಳತೆ ಹೆಚ್ಚು ತೋರಿಸುತ್ತದೆ. ಮಗು ಹೊರಬಂದ ಮೇಲೆಯೇ ಹಾಸು ಹಾಕಬೇಕು ಅನ್ನೋ ನಿಯಮ ಇರೋದು ಇದಕ್ಕೇ. ಇತ್ತ ಬಟ್ಟೆಗೆ, ಹತ್ತಿಗೆ ಹೀರಿಹೋದ ರಕ್ತ ಚೀಲಕ್ಕೆ ಬರೋದೇ ಇಲ್ಲ, ಅಳತೆ ಕಡಿಮೆಯಾಗುತ್ತದೆ.

ಸ್ಪೆಕ್ಟ್ರೊಫೋಟೋಮೀಟರ್ ಅಳೆಯೋದು ಇನ್ನೊಂದನ್ನು. ರಕ್ತ ಅಳೆಯಲು ಇದನ್ನು ಬಳಸುವ ರೂಢಿಯ ವಿಧಾನದಲ್ಲಿ, ಸಂಗ್ರಹಿಸಿದ್ದನ್ನೆಲ್ಲ ಕ್ಷಾರದ ದ್ರಾವಣದಲ್ಲಿ ಕರಗಿಸಿ, ಹಿಮೋಗ್ಲೋಬಿನ್ ಎಷ್ಟು ಬೆಳಕು ಹೀರುತ್ತದೆ ಅಂತ ನೋಡುತ್ತಾರೆ. ಅದೇ ತಾಯಿಯ ತೋಳಿನಿಂದ ತೆಗೆದ ರಕ್ತದ ಜೊತೆ ಹೋಲಿಸಿ, ‘ಇಷ್ಟು ಹಿಮೋಗ್ಲೋಬಿನ್ ಇದ್ದರೆ ಇಷ್ಟು ಮಿಲೀ ರಕ್ತ’ ಅಂತ ಲೆಕ್ಕ ಹಾಕುತ್ತಾರೆ. ಗರ್ಭಜಲದಲ್ಲಿ ಹಿಮೋಗ್ಲೋಬಿನ್ ಇಲ್ಲದ ಕಾರಣ ಅದು ಬೆರೆತರೂ ಲೆಕ್ಕ ಕೆಡೋದಿಲ್ಲ. ಬಟ್ಟೆಯನ್ನೂ ಅದ್ದಿ ಹಿಂಡಬಹುದು. ಅದಕ್ಕೇ ಇದು ಮಾನದಂಡ. ಆದರೆ ಹೆರಿಗೆ ಮನೆಯಲ್ಲಿ, ರಕ್ತ ಹೋಗುತ್ತಿರುವಾಗಲೇ ಇದನ್ನು ಮಾಡೋಕಾಗಲ್ಲ. ಚೀಲ ಬೇಕಾಗಿದ್ದೂ ಅದಕ್ಕೇ.

ಹಾಗಾಗಿ ಯಾವುದೇ ಪ್ರಬಂಧದ ‘ವಿಧಾನ’ ಭಾಗದಲ್ಲಿ ಮೊದಲು ಹುಡುಕಬೇಕಾದದ್ದು ಇದು: ಉಪಕರಣ ನೇರವಾಗಿ ಅಳೆದದ್ದು ಯಾವುದು, ಅದರಿಂದ ಲೆಕ್ಕ ಹಾಕಿ ಪಡೆದದ್ದು ಯಾವುದು. ನಡುವಿನ ಲೆಕ್ಕದಲ್ಲಿ ಒಂದು ಊಹೆ ಇದ್ದೇ ಇರುತ್ತದೆ. ಉದಾಹರಣೆಗೆ, ರಕ್ತವನ್ನು ತೂಕ ಮಾಡಿ ಗಾತ್ರ ಹೇಳುವವರು 1 ಗ್ರಾಂ ಅಂದ್ರೆ 1 ಮಿಲೀ ಎಂದು ಹಿಡಿದರೆ, ರಕ್ತದ ಸಾಂದ್ರತೆ ಸುಮಾರು 1.06 ಇರುವುದರಿಂದ ಪ್ರತಿ ಅಳತೆಯೂ ಶೇ. 6ರಷ್ಟು ಹೆಚ್ಚು ಬರುತ್ತದೆ. 500 ಮಿಲೀ ರಕ್ತ ತಕ್ಕಡಿಯಲ್ಲಿ 530 ಗ್ರಾಂ ತೂಗುತ್ತದೆ.

ತಪ್ಪು ಎರಡು ಜಾತಿಯದ್ದು

ನ್ಯಾಯಬೆಲೆ ಅಂಗಡಿಯ ತಕ್ಕಡಿಯನ್ನು ನೆನಪಿಸಿಕೊಳ್ಳಿ. ತೂಗುವಾಗ ಒಮ್ಮೆ 20 ಗ್ರಾಂ ಹೆಚ್ಚು, ಒಮ್ಮೆ 20 ಗ್ರಾಂ ಕಡಿಮೆ ಬಂದರೆ ಅದು ಚದುರುವ ತಪ್ಪು, ಅಂದರೆ ಯಾದೃಚ್ಛಿಕ ದೋಷ. ವರ್ಷದ ಕೊನೆಗೆ ಹೆಚ್ಚೂ ಕಡಿಮೆ ಸರಿಹೋಗುತ್ತದೆ. ಆದರೆ ತಕ್ಕಡಿಯೇ ಪ್ರತಿ ಸಲ 50 ಗ್ರಾಂ ನುಂಗಿದರೆ ಅದು ವಾಲುವ ತಪ್ಪು, ವ್ಯವಸ್ಥಿತ ದೋಷ. ಸಾವಿರ ಸಲ ತೂಗಿದರೂ ಅದು ಸರಿಹೋಗಲ್ಲ, ಸಾವಿರ ಪಟ್ಟು ಆಗುತ್ತದೆ ಅಷ್ಟೇ. ಮೊದಲನೆಯದಕ್ಕೆ ಮದ್ದು ಮತ್ತೆ ಮತ್ತೆ ಅಳೆಯುವುದು. ಎರಡನೆಯದಕ್ಕೆ ಮದ್ದು ಕ್ಯಾಲಿಬ್ರೇಶನ್: ಗೊತ್ತಿರುವ ತೂಕದ ಕಲ್ಲಿಟ್ಟು ತಕ್ಕಡಿಯನ್ನೇ ಪರೀಕ್ಷಿಸುವುದು.

ಕಣ್ಣಂದಾಜಿನ ಸಮಸ್ಯೆ ಎರಡನೇ ಜಾತಿಯದ್ದು. ಶೇ. 33 ಕಡಿಮೆ ಅನ್ನೋದು ಚದುರುವಿಕೆಯಲ್ಲ, ಒಂದೇ ಕಡೆಗೆ ವಾಲಿಕೆ. ಇದರ ಪರಿಣಾಮವನ್ನು 500ರ ಗೆರೆಯ ಹತ್ತಿರ ನೋಡಿ. ಸರಾಸರಿ ವಾಲಿಕೆಯನ್ನೇ ಹಿಡಿದರೆ, ನಿಜವಾಗಿ 500 ಮಿಲೀ ಹೋದಾಗ ಕಣ್ಣಿಗೆ ಕಾಣೋದು 335. ಕಣ್ಣು ‘500’ ಅನ್ನುವ ಹೊತ್ತಿಗೆ ಹೋಗಿರೋದು ಸುಮಾರು 750. ಅಂದರೆ ಗಂಟೆ ಬಾರಿಸೋದೇ 250 ಮಿಲೀ ತಡವಾಗಿ. ಮೊದಲೇ ರಕ್ತಹೀನತೆ ಇರುವ ತಾಯಿಗೆ ಆ 250 ಚಿಕ್ಕ ಸಂಖ್ಯೆಯಲ್ಲ.

ಇಲ್ಲೇ ಒಂದು ಸಣ್ಣ ಎಚ್ಚರಿಕೆ. ಶೇಕಡಾವಾರು ಯಾವುದರ ಮೇಲೆ ಅನ್ನೋದನ್ನು ನೋಡಿ. ಕಣ್ಣಂದಾಜು ಚೀಲಕ್ಕಿಂತ ಶೇ. 33 ಕಡಿಮೆ ಅನ್ನೋದೂ, ಚೀಲ ಕಣ್ಣಂದಾಜಿಗಿಂತ ಸುಮಾರು ಶೇ. 50 ಹೆಚ್ಚು ಅನ್ನೋದೂ ಒಂದೇ ಮಾತು. ಸುದ್ದಿಯ ತಲೆಬರಹಕ್ಕೆ ಯಾವುದನ್ನು ಆರಿಸಿದ್ದಾರೆ ಅನ್ನೋದರ ಮೇಲೆ ಓದುಗರ ಗಾಬರಿ ಬದಲಾಗುತ್ತದೆ.

ಆ 33ರ ಸುತ್ತ ಎಷ್ಟು ಸಡಿಲ?

ಪ್ರಯೋಗದಲ್ಲಿ ಒಂದೇ ತಾಯಿಯನ್ನು ಎರಡೂ ವಿಧಾನದಿಂದ ಅಳೆದಿಲ್ಲ. ಒಂದು ಗುಂಪಿಗೆ ಕಣ್ಣು, ಇನ್ನೊಂದಕ್ಕೆ ಚೀಲ. ಹಾಗಾಗಿ 33 ಅನ್ನೋದು ಎರಡು ಸರಾಸರಿಗಳ ನಡುವಿನ ಅಂತರ, ಒಬ್ಬೊಬ್ಬ ತಾಯಿಯ ಮೇಲಾದ ತಪ್ಪಲ್ಲ. ಲಾಟರಿಯಿಂದ ಗುಂಪು ಮಾಡಿದ್ದರಿಂದ ಸರಾಸರಿಗಳ ಹೋಲಿಕೆ ನ್ಯಾಯವಾದದ್ದೇ. ಆದರೆ ಅದು ಎಷ್ಟು ಖಚಿತ?

ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿನ ಸಂಖ್ಯೆಗಳು ಪ್ರಬಂಧದವಲ್ಲ, ವಿಧಾನ ತೋರಿಸಲು ಇಟ್ಟುಕೊಂಡವು. ಚೀಲದ ಗುಂಪಿನ ಸರಾಸರಿ 300 ಮಿಲೀ, ಕಣ್ಣಂದಾಜಿನ ಗುಂಪಿನದು 200 ಅಂದುಕೊಳ್ಳಿ. ತಾಯಿಯಿಂದ ತಾಯಿಗೆ ರಕ್ತಸ್ರಾವ ತುಂಬಾ ಬದಲಾಗುತ್ತದೆ, ಆ ಚದುರುವಿಕೆ (ಮಾನಕ ವಿಚಲನೆ) ಎರಡೂ ಕಡೆ 160 ಅಂತಿಟ್ಟುಕೊಳ್ಳಿ. ಪ್ರತಿ ಗುಂಪಿನಲ್ಲಿ ಸುಮಾರು 61 ಮಂದಿ. ಸರಾಸರಿಯ ಅನಿಶ್ಚಿತತೆ ಅಂದರೆ ಚದುರುವಿಕೆಯನ್ನು ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು:

```
160 / √61 ≈ 20.5
√(20.5² + 20.5²) ≈ 29
100 ± 2 × 29  →  42 … 158
```

ಎರಡು ಸರಾಸರಿಗಳ ಅನಿಶ್ಚಿತತೆಯನ್ನು ಹಾಗೇ ಕೂಡಿಸಲಿಲ್ಲ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದೆವು. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು ಒಮ್ಮೊಮ್ಮೆ ಒಂದನ್ನೊಂದು ರದ್ದು ಮಾಡುತ್ತವೆ, ಅದಕ್ಕೆ. ಅಂತರ 100 ಮಿಲೀ, ಆದರೆ ಅದು ಹೆಚ್ಚೂ ಕಡಿಮೆ 42ರಿಂದ 158ರವರೆಗೆ ಎಲ್ಲಾದರೂ ಇರಬಹುದು. 300ರ ಸರಾಸರಿಯ ಮೇಲೆ ನೋಡಿದರೆ ಇದು ಸುಮಾರು ಶೇ. 15ರಿಂದ 50ರ ವ್ಯಾಪ್ತಿ.

ಇದರಿಂದ ತಿಳಿಯಬೇಕಾದ್ದು: ‘ಕಣ್ಣು ಕಡಿಮೆ ತೋರಿಸುತ್ತದೆ’ ಅನ್ನೋ ದಿಕ್ಕು ಗಟ್ಟಿ, ಯಾಕಂದ್ರೆ ವ್ಯಾಪ್ತಿ ಎಲ್ಲೂ ಸೊನ್ನೆ ಮುಟ್ಟುವುದಿಲ್ಲ. ‘33’ ಅನ್ನೋ ಪ್ರಮಾಣ ಮಾತ್ರ ಸಡಿಲ. ಈ ಸಂಖ್ಯೆ ತೆಗೆದುಕೊಂಡು, ಹಳೆಯ ರಿಜಿಸ್ಟರ್‌ಗಳ ಕಣ್ಣಂದಾಜನ್ನೆಲ್ಲ ಒಂದೂವರೆ ಪಟ್ಟು ಮಾಡಿ ‘ಸರಿಪಡಿಸುತ್ತೇವೆ’ ಅಂತ ಯಾರಾದರೂ ಹೊರಟರೆ ಅದನ್ನು ನಂಬಬೇಡಿ. ಅದೂ ಅಲ್ಲದೆ ಕಣ್ಣಂದಾಜಿನ ವಾಲಿಕೆ ಎಲ್ಲ ಕಡೆ ಒಂದೇ ಇರಲ್ಲ. ಕಡಿಮೆ ರಕ್ತ ಹೋದಾಗ ಹೆಚ್ಚು ಹೇಳುವ, ಹೆಚ್ಚು ಹೋದಾಗ ಕಡಿಮೆ ಹೇಳುವ ಗುಣ ಅದಕ್ಕಿದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಅಂದರೆ ಅಪಾಯ ಹೆಚ್ಚಿದ್ದಲ್ಲೇ ತಪ್ಪೂ ಹೆಚ್ಚು.

0.92 ನೋಡಿ ತಲೆದೂಗುವ ಮುಂಚೆ

ಹೊಸ ಉಪಕರಣದ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಎದ್ದು ಕಾಣೋದು ಸಹಸಂಬಂಧದ ಸಂಖ್ಯೆ. 0.92 ಅಂದ್ರೆ ಚೀಲದ ಅಳತೆ ಏರಿದಾಗ ಸ್ಪೆಕ್ಟ್ರೊಫೋಟೋಮೀಟರ್ ಅಳತೆಯೂ ಏರುತ್ತದೆ, ಎರಡೂ ಬಹುಪಾಲು ಜೊತೆಯಾಗಿ ನಡೆಯುತ್ತವೆ ಅಂತ. ಎರಡೂ ಒಂದೇ ಸಂಖ್ಯೆ ಕೊಡುತ್ತವೆ ಅಂತ ಅಲ್ಲ.

ಕಾರ್ಖಾನೆಯಲ್ಲಿ ಗೆರೆ ತಪ್ಪಾಗಿ ಅಚ್ಚಾಗಿ, 80 ಮಿಲೀ ಇದ್ದ ಕಡೆ ‘100’ ಅಂತ ಬಂದಿದೆ ಅಂದುಕೊಳ್ಳಿ. ನಿಜವಾದ 160, 240, 400, 640 ಈಗ 200, 300, 500, 800 ಅಂತ ಕಾಣುತ್ತದೆ. ಪ್ರತಿಯೊಂದೂ ಶೇ. 25 ತಪ್ಪು. ಆದರೆ ಸಾಮಾನ್ಯ ಸಹಸಂಬಂಧ ಲೆಕ್ಕ ಹಾಕಿದರೆ ಬರೋದು 1.00, ಪೂರ್ತಿ ಅಂಕ! ತಕ್ಕಡಿ ಮೋಸ ಮಾಡುತ್ತಿದೆ ಅನ್ನೋದನ್ನು ಈ ಸಂಖ್ಯೆ ಹಿಡಿಯೋದೇ ಇಲ್ಲ. ವಾಲಿಕೆಗೂ ಅಂಕ ಕಳೆಯುವ ಬೇರೆ ಬಗೆಯ ಸಹಸಂಬಂಧಗಳಿವೆ, ಆದ್ದರಿಂದ ಯಾವ ಬಗೆ ಅಂತ ಪ್ರಬಂಧದಲ್ಲಿ ನೋಡಲೇಬೇಕು.

ಹಾಗಾದರೆ ಏನು ಕೇಳಬೇಕು? 1986ರಲ್ಲಿ ಮಾರ್ಟಿನ್ ಬ್ಲ್ಯಾಂಡ್ ಮತ್ತು ಡಗ್ಲಸ್ ಆಲ್ಟ್‌ಮನ್ ‘ಲ್ಯಾನ್ಸೆಟ್’ನಲ್ಲಿ ಸರಳ ದಾರಿ ತೋರಿಸಿದರು. ಪ್ರತಿ ಮಾದರಿಗೂ ಎರಡು ವಿಧಾನಗಳ ವ್ಯತ್ಯಾಸ ತೆಗೆಯಿರಿ. ವ್ಯತ್ಯಾಸಗಳ ಸರಾಸರಿ ವಾಲಿಕೆಯನ್ನು ಹೇಳುತ್ತದೆ, ಅವುಗಳ ಹರಡುವಿಕೆ ಒಂದು ಅಳತೆಯನ್ನು ಎಷ್ಟು ನಂಬಬಹುದು ಅಂತ ಹೇಳುತ್ತದೆ. ‘ಚೀಲ ಸರಾಸರಿ ಇಷ್ಟು ಮಿಲೀ ಹೆಚ್ಚು ತೋರಿಸುತ್ತದೆ, ನೂರರಲ್ಲಿ 95 ಸಲ ಇಷ್ಟರೊಳಗೆ ಇರುತ್ತದೆ’ ಅನ್ನೋ ವಾಕ್ಯ, ಹೆರಿಗೆ ಮಾಡಿಸುವವರ ಕೆಲಸಕ್ಕೆ ಬರುವ ವಾಕ್ಯ.

ಇನ್ನೊಂದು ಮಾತು: ಈ 0.92 ಬಂದದ್ದು 10 ಮಾದರಿಗಳಿಂದ. ಹತ್ತು ಮಾದರಿಯ ಸಹಸಂಬಂಧಕ್ಕೆ ಶೇ. 95ರ ವ್ಯಾಪ್ತಿಯನ್ನು ರೂಢಿಯ ಸೂತ್ರದಿಂದ ಲೆಕ್ಕ ಹಾಕಿದರೆ ಸುಮಾರು 0.69ರಿಂದ 0.98 ಬರುತ್ತದೆ. 0.98 ಆದರೆ ಅಮೋಘ, 0.69 ಆದರೆ ಪರವಾಗಿಲ್ಲ ಅನ್ನುವ ಮಟ್ಟ. ಪ್ರಬಂಧ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಹಿಮೋಗ್ಲೋಬಿನ್ ವಿಧಾನ ತುಂಬಾ ಕೆಲಸ ಹಿಡಿಯುತ್ತದೆ, ಉಪಮಾದರಿ ಚಿಕ್ಕದಾಗೋದು ಸಹಜ. ಆದರೆ ಕ್ಯಾಲಿಬ್ರೇಶನ್ ಭಾಗ ಎಷ್ಟು ಮಾದರಿಯ ಮೇಲೆ ನಿಂತಿದೆ ಅನ್ನೋದನ್ನು ಮುಖ್ಯ ಪ್ರಯೋಗದ ‘123’ ಮುಚ್ಚಿಬಿಡಬಾರದು.

ಗೆರೆಯ ಹತ್ತಿರದ ಒಂದು ಅಳತೆ

ಈಗ ಒಂದೇ ಚೀಲ, ಒಂದೇ ಅಳತೆ: 480 ಮಿಲೀ. ಗೆರೆಗಳು 50 ಮಿಲೀಗೊಂದು ಇದ್ದರೆ ಓದುವಾಗಲೇ 25ರಷ್ಟು ಅತ್ತಿತ್ತ ಆಗಬಹುದು, ಲೆಕ್ಕಕ್ಕೆ ಅದು 25/√3, ಅಂದರೆ ಸುಮಾರು 14. ಚೀಲ ನೇತಾಡುವ ಕೋನದಿಂದ 20, ಮಡಿಕೆಯಲ್ಲಿ ಉಳಿಯುವುದರ ಏರುಪೇರಿನಿಂದ 20 ಅಂತ ಊಹಿಸೋಣ. ವರ್ಗ ಮಾಡಿ ಕೂಡಿಸಿದರೆ:

```
√(14² + 20² + 20²) ≈ 32
```

ಸುಮಾರು 30 ಅನ್ನೋಣ. 480 ± 30 ಅಂದರೆ ನಿಜವಾದ ಗಾತ್ರ 500 ದಾಟಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘500 ಆಗಿಲ್ಲ, ಸಾಮಾನ್ಯ’ ಅಂತ ಬರೆದು ಮುಂದೆ ಹೋಗುವ ಸಂಖ್ಯೆ ಇದಲ್ಲ. ಗಮನಿಸಿ, ಗರ್ಭಜಲ ಬೆರೆಯುವುದನ್ನು ಈ ಮೊತ್ತಕ್ಕೆ ಸೇರಿಸಲಿಲ್ಲ. ಅದು ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ. ವಾಲುವ ತಪ್ಪನ್ನು ಅಂದಾಜು ಮಾಡಿ ಕಳೆಯಬೇಕು, ಇಲ್ಲವೇ ತಡೆಯಬೇಕು. ಅದನ್ನು ± ಒಳಗೆ ಅಡಗಿಸಿದ ಪ್ರಬಂಧ ಕಂಡರೆ ಪ್ರಶ್ನೆ ಮಾಡಿ.

ಒಂದು ಚೀಲ ಸಡಿಲ, ಸಾವಿರ ಚೀಲ ಗಟ್ಟಿ?

ಇದೇ ಚೀಲ ಹಿಡಿದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. 2002ರಿಂದ 2005ರವರೆಗೆ, ಮನೆ ಮತ್ತು ಉಪಕೇಂದ್ರಗಳಲ್ಲಿ ಎಎನ್‌ಎಂ ಸಿಸ್ಟರ್‌ಗಳು ಮಾಡಿಸಿದ 1,620 ಹೆರಿಗೆಗಳು. ಅರ್ಧ ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಅರ್ಧಕ್ಕೆ ಅದೇ ರೀತಿ ಕಾಣುವ, ಔಷಧವಿಲ್ಲದ ಮಾತ್ರೆ. 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ: 500 ದಾಟಿದವರು ಶೇ. 12.0ರಿಂದ 6.4ಕ್ಕೆ ಇಳಿದರು, ಅಂದರೆ 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ರಕ್ತಸ್ರಾವ ತಪ್ಪುತ್ತದೆ. ಸರಾಸರಿ ರಕ್ತನಷ್ಟ 262 ಮಿಲೀಯಿಂದ 214ಕ್ಕೆ.

ಇಲ್ಲೊಂದು ತಕರಾರು ಸಹಜ: ಸರಾಸರಿಯ ಅಂತರ ಬರೀ 48 ಮಿಲೀ. ಒಂದು ಚೀಲದ ಅಳತೆಯೇ ಅತ್ತಿತ್ತ 30 ಇರುವಾಗ 48ನ್ನು ನಂಬೋದು ಹೇಗೆ? ಉತ್ತರ ವರ್ಗಮೂಲದಲ್ಲಿದೆ. ಗುಂಪಿಗೆ ಸುಮಾರು 810 ಮಂದಿ. ಮೊದಲಿನಂತೆ 160ರ ಚದುರುವಿಕೆ ಹಿಡಿದರೆ ಪ್ರತಿ ಸರಾಸರಿಯ ಅನಿಶ್ಚಿತತೆ ಸುಮಾರು 5.6, ಅಂತರದ್ದು 8. ಅಂದರೆ 48 ± 16. ಚದುರುವ ತಪ್ಪು ಸಂಖ್ಯೆಯ ಮುಂದೆ ಕರಗಿಹೋಯಿತು. ವಾಲುವ ತಪ್ಪು ಕರಗಿಲ್ಲ, ಆದರೆ ಎರಡೂ ಗುಂಪಿಗೂ ಒಂದೇ ಚೀಲ, ಒಂದೇ ವಿಧಾನ ಇದ್ದುದರಿಂದ ಹೋಲಿಕೆಯಲ್ಲಿ ಬಹುಪಾಲು ರದ್ದಾಯಿತು. ಚೀಲ ಎಲ್ಲರಿಗೂ ಸ್ವಲ್ಪ ಹೆಚ್ಚು ತೋರಿಸಿದ್ದರೂ, ಮಾತ್ರೆ ಕೆಲಸ ಮಾಡುತ್ತದೆ ಅನ್ನೋ ತೀರ್ಮಾನ ಅಲುಗಾಡಲ್ಲ.

ಅಲುಗಾಡೋದು ಬೇರೆಯದು. ‘ಮಾತ್ರೆ ಇಲ್ಲದಿದ್ದರೆ ಶೇ. 12 ತಾಯಂದಿರಿಗೆ ರಕ್ತಸ್ರಾವ’ ಅನ್ನೋ ಸಂಖ್ಯೆ ಪೂರ್ತಿ ಚೀಲದ ಗೆರೆಯ ಮೇಲೆ ನಿಂತಿದೆ. ಗೆರೆ ಸ್ವಲ್ಪ ಸರಿದರೆ ಅದೂ ಸರಿಯುತ್ತದೆ. ಹೋಲಿಕೆಯ ತೀರ್ಮಾನಕ್ಕೂ ಪ್ರಮಾಣದ ತೀರ್ಮಾನಕ್ಕೂ ಬೇಕಾದ ಕ್ಯಾಲಿಬ್ರೇಶನ್ ಬೇರೆ ಬೇರೆ ಅನ್ನೋದು ಇದರ ತಿರುಳು. ಒಂದು ಬಿರುಕನ್ನೂ ನೋಡಿರಬೇಕು: ಮಿಸೊಪ್ರೊಸ್ಟಾಲ್‌ನಿಂದ ಚಳಿ, ಜ್ವರ ಬರುವುದುಂಟು. ಯಾರಿಗೆ ಯಾವ ಮಾತ್ರೆ ಹೋಗಿದೆ ಅಂತ ಅಳೆಯುವವರು ಊಹಿಸಬಹುದು. ಕಣ್ಣಂದಾಜಾಗಿದ್ದರೆ ಆ ಊಹೆ ಸಂಖ್ಯೆಯೊಳಗೆ ನುಸುಳಲು ಜಾಗ ದೊಡ್ಡದಿತ್ತು. ಗೆರೆಯಿರುವ ಚೀಲ ಆ ಜಾಗವನ್ನು ಕಿರಿದು ಮಾಡಿತು.

ಅಳೆದರೆ ಸಾಕಾ?

ಇಲ್ಲ. ಯುರೋಪಿನ 13 ದೇಶಗಳ 78 ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹಿಸುವ ಚೀಲ ಕೊಟ್ಟು ನೋಡಿದ ಪ್ರಯೋಗದಲ್ಲಿ (2010) ತೀವ್ರ ರಕ್ತಸ್ರಾವ ಗಮನಾರ್ಹವಾಗಿ ಇಳಿಯಲಿಲ್ಲ: ಚೀಲವಿದ್ದಲ್ಲಿ ಶೇ. 1.71, ಇಲ್ಲದಲ್ಲಿ 2.06, ಅಂತರ ಅನಿಶ್ಚಿತತೆಯೊಳಗೇ ಇತ್ತು. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳ ‘ಇ-ಮೋಟಿವ್’ ಪ್ರಯೋಗ ಬಂತು. ಒಂದು ಕಡೆ ಗೆರೆಯಿರುವ ಚೀಲ, ಜೊತೆಗೆ ಗೆರೆ ಮುಟ್ಟಿದ ಕೂಡಲೇ ಮಾಡಬೇಕಾದ ಚಿಕಿತ್ಸೆಗಳ ಕಟ್ಟು. ಇನ್ನೊಂದು ಕಡೆ ಗೆರೆಯಿಲ್ಲದ ಚೀಲ, ಎಂದಿನ ಆರೈಕೆ. ರಕ್ತಸ್ರಾವ ಪತ್ತೆಯಾದದ್ದು ಮೊದಲ ಕಡೆ ಶೇ. 93.1, ಎರಡನೇ ಕಡೆ 51.1. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಈ ಮೂರರಲ್ಲಿ ಒಂದಾದವರು 1.6 ಮತ್ತು 4.3.

ಎರಡೂ ಕಡೆ ಪ್ಲಾಸ್ಟಿಕ್ ಇತ್ತು, ಒಂದು ಕಡೆ ಮಾತ್ರ ಗೆರೆಯಿತ್ತು. ಆದರೆ ಶ್ರೇಯ ಪೂರ್ತಿ ಗೆರೆಗೆ ಕೊಡುವಂತಿಲ್ಲ, ಯಾಕಂದ್ರೆ ಚಿಕಿತ್ಸೆಯ ಕಟ್ಟೂ ಜೊತೆಗೇ ಹೋಗಿತ್ತು. ಪತ್ತೆಯ ಸಂಖ್ಯೆ ಗೆರೆಯ ಬಗ್ಗೆ ಹೆಚ್ಚು ಹೇಳುತ್ತದೆ, ತೀವ್ರ ಪರಿಣಾಮ ಇಳಿದ ಸಂಖ್ಯೆ ಇಡೀ ವ್ಯವಸ್ಥೆಯ ಬಗ್ಗೆ. ಸಿಸ್ಟರ್ ಕೈಲಿ ಚೀಲವಿದ್ದು, ಕಪಾಟಿನಲ್ಲಿ ಔಷಧಿಯಿಲ್ಲದಿದ್ದರೆ, ಅಂಬುಲೆನ್ಸ್ ಬರದಿದ್ದರೆ, 500 ಅನ್ನೋದು ನಿಖರವಾಗಿ ಬರೆದಿಟ್ಟ ಒಂದು ಸಂಖ್ಯೆ ಅಷ್ಟೇ ಆಗುತ್ತದೆ.

ಮುಂದಿನ ಸಲ ಯಾವುದೇ ಅಳತೆಯ ಪ್ರಬಂಧ ಕೈಗೆ ಬಂದಾಗ, ತೀರ್ಮಾನದ ಪುಟಕ್ಕೆ ಹಾರುವ ಮುಂಚೆ ನಾಲ್ಕು ಸಂಗತಿ ಹುಡುಕಿ: ನೇರವಾಗಿ ಅಳೆದದ್ದು ಏನು, ಯಾವ ಮಾನದಂಡಕ್ಕೆ, ಎಷ್ಟು ಮಾದರಿಯಲ್ಲಿ ಹೋಲಿಸಿದರು, ತಪ್ಪು ಚದುರುವುದೋ, ವಾಲುವುದೋ, ತೀರ್ಮಾನ ಹೋಲಿಕೆಯದೋ, ಪ್ರಮಾಣದ್ದೋ. ನಾಲ್ಕಕ್ಕೂ ಉತ್ತರ ಸಿಗದಿದ್ದರೆ, ಆ ಸಂಖ್ಯೆ ಇನ್ನೂ ಕಣ್ಣಂದಾಜೇ.